ಮ್ಯಾಕ್ಸ್ ಕ್ಯೂ: ರಾಕೆಟ್ ಮೇಲಿನ ಗಾಳಿಯ ಒತ್ತಡವನ್ನು ನೀವೇ ಲೆಕ್ಕ ಹಾಕಿ ನೋಡಿ

ರಾಕೆಟ್ ಉಡಾವಣೆಯ ನೇರ ಪ್ರಸಾರ ನೋಡುವವರಿಗೆ ಈ ಮಾತು ಪರಿಚಯ ಇರುತ್ತದೆ. ನೆಲ ಬಿಟ್ಟು ಒಂದು ನಿಮಿಷ ದಾಟಿದ ಮೇಲೆ "ಮ್ಯಾಕ್ಸ್ ಕ್ಯೂ" ಎಂದು ವೀಕ್ಷಕ ವಿವರಣೆಯಲ್ಲಿ ಕೇಳುತ್ತದೆ. ಕೆಲವು ರಾಕೆಟ್‌ಗಳಲ್ಲಿ ಅದಕ್ಕೆ ಸ್ವಲ್ಪ ಮುಂಚೆ ಎಂಜಿನ್ ತಗ್ಗಿಸಿದ್ದೇವೆ ಎಂಬ ಘೋಷಣೆಯೂ ಬರುತ್ತದೆ. ಮೇಲೆ ಹೋಗುವುದೇ ಕೆಲಸವಾಗಿರುವ ರಾಕೆಟ್ ದಾರಿ ಮಧ್ಯೆ ಎಂಜಿನ್ ಯಾಕೆ ತಗ್ಗಿಸುತ್ತದೆ? ತೆರೆಯ ಮೇಲೆ ಕಾಣುವ ವೇಗ ಮತ್ತು ಎತ್ತರ, ಈ ಎರಡು ಅಂಕಿ ಇದ್ದರೆ ಉತ್ತರವನ್ನು ನೀವೇ ಲೆಕ್ಕ ಹಾಕಿ ಕಾಣಬಹುದು. ಪಿಯುಸಿ ಗಣಿತ ಸಾಕು.

ಮೊದಲು ಒತ್ತಡದ ಲೆಕ್ಕ

ಓಡುವ ವಸ್ತುವಿಗೆ ಎದುರು ಗಾಳಿ ಕೊಡುವ ಒತ್ತಡವನ್ನು ಡೈನಾಮಿಕ್ ಪ್ರೆಶರ್ ಎನ್ನುತ್ತಾರೆ. ಅದರ ಗುರುತು q. ಸೂತ್ರ ಇಷ್ಟೇ:

```
q = 0.5 * rho * v * v
```

ಇಲ್ಲಿ rho ಅಂದರೆ ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ, ಒಂದು ಘನ ಮೀಟರ್‌ಗೆ ಎಷ್ಟು ಕೆಜಿ ಅನ್ನುವುದು. v ಅಂದರೆ ಗಾಳಿಗೆ ಹೋಲಿಸಿದ ವೇಗ, ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ. ಉತ್ತರ ಪ್ಯಾಸ್ಕಲ್‌ನಲ್ಲಿ ಬರುತ್ತದೆ.

ಬೈಕಿನಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಎದೆಗೆ ಬಡಿಯುವ ಗಾಳಿಯ q ಸುಮಾರು 300 ಪ್ಯಾಸ್ಕಲ್. ದೊಡ್ಡ ರಾಕೆಟ್‌ಗಳು ಮ್ಯಾಕ್ಸ್ ಕ್ಯೂ ಹೊತ್ತಿಗೆ ಕಾಣುವ ಒತ್ತಡ 30ರಿಂದ 35 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಅಂದರೆ ಅದರ ನೂರು ಪಟ್ಟಿಗೂ ಜಾಸ್ತಿ. ಒಂದು ಚದರ ಮೀಟರ್ ಮೇಲೆ ಮೂರೂವರೆ ಟನ್ ತೂಕ ಇಟ್ಟ ಹಾಗೆ. ಅಮೆರಿಕದ ಹಳೆಯ ವರದಿಗಳು ಇದನ್ನು ಚದರ ಅಡಿಗೆ ಇಷ್ಟು ಪೌಂಡ್ ಎಂದು ಬರೆಯುತ್ತವೆ. ಅದನ್ನು 47.88ರಿಂದ ಗುಣಿಸಿದರೆ ಪ್ಯಾಸ್ಕಲ್ ಸಿಗುತ್ತದೆ.

ಒತ್ತಡ ಏರಿ, ಮತ್ತೆ ಇಳಿಯುವುದು ಯಾಕೆ

ಸೂತ್ರದಲ್ಲಿ ಎರಡು ಸಂಗತಿ ಪರಸ್ಪರ ಎಳೆದಾಡುತ್ತವೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದರೆ ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ. ನೆಲದ ಹತ್ತಿರ ಸಾಂದ್ರತೆ 1.225. ಅದು 5 ಕಿ.ಮೀ. ಎತ್ತರದಲ್ಲಿ 0.736, 10 ಕಿ.ಮೀ.ನಲ್ಲಿ 0.413, 14 ಕಿ.ಮೀ.ನಲ್ಲಿ 0.228. ಹೊರಟ ಹೊಸತರಲ್ಲಿ ವೇಗ ತುಂಬ ಬೇಗ ದುಪ್ಪಟ್ಟಾಗುತ್ತಾ ಹೋಗುತ್ತದೆ, ಹಾಗಾಗಿ q ಏರುತ್ತದೆ. ಆಮೇಲೆ ಗಾಳಿ ಕಡಿಮೆಯಾಗುವ ದರವೇ ಗೆಲ್ಲುತ್ತದೆ, q ಇಳಿಯುತ್ತದೆ. ಈ ಎರಡೂ ಸಮವಾಗುವ ಕ್ಷಣವೇ ಮ್ಯಾಕ್ಸ್ ಕ್ಯೂ. ಆ ಹೊತ್ತಿಗೆ ಆಕಾಶದಲ್ಲಿ ವಿಶೇಷವಾದದ್ದು ಏನೂ ನಡೆಯುವುದಿಲ್ಲ. ಸುಮ್ನೆ ಒಂದು ಗೆರೆ ತುದಿ ಮುಟ್ಟಿ ಕೆಳಗೆ ತಿರುಗುತ್ತದೆ, ಅಷ್ಟೇ.

ಇಲ್ಲಿ ಸ್ವಲ್ಪ ನಿಂತು ಒಂದು ಸರಳ ಲೆಕ್ಕ ಮಾಡೋಣ. ಎಂಜಿನ್ ತಗ್ಗಿಸುವುದರ ಕಾರಣ ಇದರಲ್ಲೇ ಇದೆ.

ರಾಕೆಟ್ ನೇರ ಮೇಲಕ್ಕೆ, ಒಂದೇ ವೇಗೋತ್ಕರ್ಷ a ಇಟ್ಟುಕೊಂಡು ಹೋಗುತ್ತಿದೆ ಎಂದುಕೊಳ್ಳಿ. h ಎತ್ತರ ಮುಟ್ಟುವಾಗ ವೇಗದ ವರ್ಗ 2ah. ಗಾಳಿಯ ಸಾಂದ್ರತೆ ಪ್ರತಿ H ಎತ್ತರಕ್ಕೆ 2.718ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದೂ ಇಟ್ಟುಕೊಳ್ಳಿ. ಭೂಮಿಗೆ H ಸುಮಾರು 8 ಕಿ.ಮೀ. ಇವೆರಡನ್ನೂ ಸೂತ್ರಕ್ಕೆ ಹಾಕಿದರೆ q ಗರಿಷ್ಠವಾಗುವುದು ಸರಿಯಾಗಿ h = H ಆದಾಗ. rho0 ಅಂದರೆ ನೆಲದ ಹತ್ತಿರದ ಸಾಂದ್ರತೆ ಎಂದಿಟ್ಟುಕೊಂಡರೆ ಆಗಿನ ಬೆಲೆ ಇದು:

```
q_max = rho0 * a * H / 2.718
```

ಈ ಉತ್ತರ ನನಗೆ ತುಂಬ ಇಷ್ಟ. ರಾಕೆಟ್ ಎಷ್ಟು ಜೋರಾಗಿ ಹೋದರೂ ಗರಿಷ್ಠ ಒತ್ತಡದ ಎತ್ತರ ಬದಲಾಗುವುದಿಲ್ಲ. ಆದರೆ ಒತ್ತಡದ ಪ್ರಮಾಣ ವೇಗೋತ್ಕರ್ಷಕ್ಕೆ ನೇರ ಅನುಪಾತದಲ್ಲಿದೆ. a ಬೆಲೆ 10 ಆದರೆ 36 ಕಿಲೋಪ್ಯಾಸ್ಕಲ್. ಅದೇ 5 ಆದರೆ 18. ಒತ್ತಡ ತಗ್ಗಬೇಕೆಂದರೆ ದಟ್ಟ ಗಾಳಿ ಇರುವಷ್ಟು ಹೊತ್ತು ವೇಗ ಹೆಚ್ಚಿಸಿಕೊಳ್ಳುವ ಆತುರ ಬಿಡಬೇಕು. ಅದಕ್ಕೆ ಇರುವ ದಾರಿ ನೂಕುಬಲ ಕಡಿಮೆ ಮಾಡುವುದು.

ನಿಜವಾದ ರಾಕೆಟ್‌ನಲ್ಲಿ ಇಂಧನ ಖಾಲಿಯಾದ ಹಾಗೆ ತೂಕ ಇಳಿದು ವೇಗೋತ್ಕರ್ಷ ಏರುತ್ತಾ ಹೋಗುತ್ತದೆ. ಅದಕ್ಕೇ ಗರಿಷ್ಠ ಒತ್ತಡ 8 ಕಿ.ಮೀ.ನಲ್ಲಿ ಬರದೆ ಇನ್ನೂ ಮೇಲೆ, ಬಹಳ ಸಲ 10ರಿಂದ 14 ಕಿ.ಮೀ. ಮಧ್ಯೆ ಬರುತ್ತದೆ.

ತೆರೆಯಿಂದ ಅಂಕಿ ತೆಗೆದು ಲೆಕ್ಕ ಹಾಕುವ ಕ್ರಮ

ವೇಗ, ಎತ್ತರ ಎರಡನ್ನೂ ತೋರಿಸುವ ಪ್ರಸಾರ ಬೇಕು. ಫಾಲ್ಕನ್ 9 ಉಡಾವಣೆಗಳಲ್ಲಿ ವೇಗ ಗಂಟೆಗೆ ಕಿ.ಮೀ.ನಲ್ಲಿ, ಎತ್ತರ ಕಿ.ಮೀ.ನಲ್ಲಿ ಕಾಣುತ್ತದೆ. ವಿಡಿಯೊವನ್ನು ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡುವುದೇ ಒಳ್ಳೆಯದು. ನೇರ ಪ್ರಸಾರದಲ್ಲಿ ಬರೆದುಕೊಳ್ಳಲು ಹೋದರೆ ಕೈ ಸಾಲುವುದಿಲ್ಲ.

ಹೊರಟ 20ನೇ ಸೆಕೆಂಡಿನಿಂದ 120ನೇ ಸೆಕೆಂಡಿನವರೆಗೆ ಪ್ರತಿ 5 ಸೆಕೆಂಡಿಗೊಮ್ಮೆ ಸಮಯ, ವೇಗ, ಎತ್ತರ ಮೂರನ್ನೂ ಬರೆದುಕೊಳ್ಳಿ. ವೇಗವನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸಿಗುತ್ತದೆ. ಎತ್ತರವನ್ನು ಮೀಟರ್‌ಗೆ ಬದಲಿಸಿ. ಆ ಎತ್ತರದ ಸಾಂದ್ರತೆಗೆ ಸ್ಟ್ಯಾಂಡರ್ಡ್ ಅಟ್ಮಾಸ್ಫಿಯರ್ ಎಂಬ ಮಾದರಿ ಇದೆ. 20 ಕಿ.ಮೀ.ವರೆಗೆ ಈ ನಾಲ್ಕು ಸಾಲು ಸಾಕು:

```
from math import exp
def rho(h):
    if h <= 11000: return 1.225*(1 - 2.25577e-5*h)**4.2559
    return 0.3639*exp(-(h - 11000)/6342)
```

ಪೈಥಾನ್ ಬೇಡ ಅನ್ನುವವರು ಇದೇ ಸೂತ್ರವನ್ನು ಎಕ್ಸೆಲ್‌ನಲ್ಲಿ ಹಾಕಿಕೊಳ್ಳಬಹುದು. ಅಭ್ಯಾಸಕ್ಕೆ ಒಂದು ಅಂಕಿ ನೋಡೋಣ. ತೆರೆಯಲ್ಲಿ ವೇಗ 1,500, ಎತ್ತರ 11.0 ಎಂದಿದ್ದರೆ v ಬೆಲೆ 416.7, ಸಾಂದ್ರತೆ 0.3639. q ಸುಮಾರು 31.6 ಕಿಲೋಪ್ಯಾಸ್ಕಲ್. ನಿಮ್ಮ ಉತ್ತರ 300 ಅಥವಾ 3 ಎಂದು ಬಂದರೆ 3.6ರ ಭಾಗಾಕಾರ ಅಥವಾ ಕಿ.ಮೀ.–ಮೀಟರ್ ಬದಲಾವಣೆಯಲ್ಲಿ ಏನೋ ತಪ್ಪಿದೆ.

ಈಗ ನಿಜವಾದ ಒಂದು ಹಾರಾಟಕ್ಕೆ ಇದನ್ನು ಹಚ್ಚಿ ನೋಡೋಣ. 1969ರ ಜುಲೈ 16ರಂದು ಅಪೊಲೊ 11 ಹೊತ್ತ ಸ್ಯಾಟರ್ನ್ 5 ರಾಕೆಟ್ 66.3ನೇ ಸೆಕೆಂಡಿನಲ್ಲಿ, 7.85 ಕಿ.ಮೀ. ಎತ್ತರದಲ್ಲಿ ಶಬ್ದದ ವೇಗ ದಾಟಿತು. ಆ ಎತ್ತರದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 309 ಮೀಟರ್, ಸಾಂದ್ರತೆ 0.535. ಲೆಕ್ಕ ಹಾಕಿದರೆ q 25.5 ಕಿಲೋಪ್ಯಾಸ್ಕಲ್. ಅದರ ಮ್ಯಾಕ್ಸ್ ಕ್ಯೂ ಬಂದದ್ದು 83ನೇ ಸೆಕೆಂಡಿಗೆ, 13.6 ಕಿ.ಮೀ. ಎತ್ತರದಲ್ಲಿ. ನಾಸಾ ದಾಖಲೆಯಲ್ಲಿ ಅದು ಚದರ ಅಡಿಗೆ 735 ಪೌಂಡ್, ಅಂದರೆ 35.2 ಕಿಲೋಪ್ಯಾಸ್ಕಲ್. ಅಲ್ಲಿನ ಸಾಂದ್ರತೆ 0.243 ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ ಸುಮಾರು 540 ಮೀಟರ್ ಸಿಗುತ್ತದೆ.

ಆ 17 ಸೆಕೆಂಡುಗಳಲ್ಲಿ ಆಗಿದ್ದನ್ನು ಗಮನಿಸಿ. ವೇಗ 1.75 ಪಟ್ಟಾಯಿತು, ಅದರ ವರ್ಗ 3 ಪಟ್ಟಾಯಿತು. ಗಾಳಿ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಎರಡೂ ಸೇರಿ ಒತ್ತಡ ಬರೀ 1.4 ಪಟ್ಟು ಏರಿತು. ತುದಿ ಹತ್ತಿರ ಬಂದಾಗ ಗೆರೆ ಹೀಗೆ ಚಪ್ಪಟೆಯಾಗುತ್ತದೆ. ಆದ್ದರಿಂದ ನಿಮ್ಮ ಲೆಕ್ಕದಲ್ಲಿ ಮ್ಯಾಕ್ಸ್ ಕ್ಯೂ ಕ್ಷಣ ಕೆಲವು ಸೆಕೆಂಡು ಆಚೀಚೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಒತ್ತಡದ ಬೆಲೆ ಅಷ್ಟೇನೂ ಬದಲಾಗಿರುವುದಿಲ್ಲ.

ಇನ್ನೊಂದು ಮಾತು. ಸ್ಯಾಟರ್ನ್ 5ರ ಎಫ್-1 ಎಂಜಿನ್‌ಗಳಿಗೆ ಥ್ರಾಟಲ್ ಇರಲೇ ಇಲ್ಲ. ಹಚ್ಚಿದ ಮೇಲೆ ಪೂರ್ತಿ ಬಲದಲ್ಲೇ ಉರಿಯಬೇಕು. ಆದರೂ ಒತ್ತಡ 35ಕ್ಕೆ ನಿಂತಿತು. ಕಾರಣ ಅದು ನೆಲ ಬಿಡುವಾಗ ನೂಕುಬಲ ತನ್ನ ತೂಕದ ಸುಮಾರು 1.2 ಪಟ್ಟು ಮಾತ್ರ ಇತ್ತು. ಏರಿಕೆಯೇ ನಿಧಾನ. ಹಾಗಾಗಿ ಎಲ್ಲ ರಾಕೆಟ್‌ಗಳೂ ಮ್ಯಾಕ್ಸ್ ಕ್ಯೂನಲ್ಲಿ ಎಂಜಿನ್ ತಗ್ಗಿಸುತ್ತವೆ ಎಂದು ಹೇಳುವುದು ಸರಿಯಲ್ಲ.

ಒತ್ತಡ ಜಾಸ್ತಿಯಾದರೆ ಏನಾಗುತ್ತದೆ

ಮೂತಿಯ ಮೇಲೆ ನೇರವಾಗಿ ಬೀಳುವ ಬಲಕ್ಕಿಂತ ಎಂಜಿನಿಯರ್‌ಗಳಿಗೆ ಜಾಸ್ತಿ ಚಿಂತೆ ಪಕ್ಕದಿಂದ ಬೀಳುವ ಬಲದ್ದು. ರಾಕೆಟ್ ಅಂದರೆ ತೆಳು ಗೋಡೆಯ ಉದ್ದ ಕೊಳವೆ. ಉದ್ದಕ್ಕೆ ಒತ್ತಿದರೆ ತಡೆದುಕೊಳ್ಳುತ್ತದೆ, ಬಗ್ಗಿಸಿದರೆ ಕಷ್ಟ. ಗಾಳಿ ಸರಿಯಾಗಿ ಮೂತಿಯ ದಿಕ್ಕಿನಿಂದಲೇ ಬಂದರೆ ಬಗ್ಗುವ ಬಲ ಕಡಿಮೆ. ಒಂದೆರಡು ಡಿಗ್ರಿ ಓರೆಯಾಗಿ ಬಂದರೂ ಪಕ್ಕದ ನೂಕು ಶುರುವಾಗುತ್ತದೆ. ಆ ನೂಕು ಎರಡರ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ: ಒಂದು q, ಇನ್ನೊಂದು ಆ ಓರೆಯ ಕೋನ. ಈ ಕೋನವನ್ನು ಆಲ್ಫಾ ಎಂದು ಕರೆಯುವುದರಿಂದ ಈ ಗುಣಲಬ್ಧಕ್ಕೆ "ಕ್ಯೂ-ಆಲ್ಫಾ" ಎಂಬ ಹೆಸರು. ವಿನ್ಯಾಸದಲ್ಲಿ ಮಿತಿ ಹಾಕುವುದು ಬಹುಪಾಲು ಇದಕ್ಕೇ.

ಕೋನ ಎಲ್ಲಿಂದ ಬರುತ್ತದೆ? ಗಾಳಿಯಿಂದ. 10ರಿಂದ 14 ಕಿ.ಮೀ. ಎತ್ತರದಲ್ಲೇ ಜೆಟ್ ಸ್ಟ್ರೀಮ್ ಹರಿಯುತ್ತದೆ. ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೋಗುವ ರಾಕೆಟ್‌ಗೆ ಒಂದು ಪದರದಿಂದ ಇನ್ನೊಂದಕ್ಕೆ ದಾಟುವಾಗ ಅಡ್ಡಗಾಳಿ 30 ಮೀಟರ್ ಬದಲಾದರೆ ಗಾಳಿ ಬರುವ ದಿಕ್ಕು ಹೆಚ್ಚುಕಡಿಮೆ 4 ಡಿಗ್ರಿ ತಿರುಗುತ್ತದೆ. ಒತ್ತಡ ಅತಿ ಹೆಚ್ಚಿರುವ ಜಾಗವೂ ಗಾಳಿ ಅತಿ ಹೆಚ್ಚು ಹೊರಳುವ ಜಾಗವೂ ಒಂದೇ ಆಗಿದೆ, ನೋಡಿ. ಅದಕ್ಕೇ ಉಡಾವಣೆಗೆ ಮೊದಲು ಬಲೂನ್ ಹಾರಿಸಿ ಮೇಲಿನ ಗಾಳಿ ಅಳೆಯುತ್ತಾರೆ. ಆ ದಿನದ ಗಾಳಿಗೆ ತಕ್ಕಂತೆ ರಾಕೆಟ್ ಎತ್ತ ವಾಲಬೇಕು ಎಂಬ ಪಟ್ಟಿ ಸಿದ್ಧ ಮಾಡುತ್ತಾರೆ. ಕೆಳಗೆ ಶಾಂತವಾಗಿ ಬಿಸಿಲಿದ್ದರೂ "ಮೇಲಿನ ಗಾಳಿ" ಎಂದು ಉಡಾವಣೆ ಮುಂದೂಡುವುದು ಇದೇ ಕಾರಣಕ್ಕೆ.

ಕೋನ ಪೂರ್ತಿ ನಮ್ಮ ಕೈಯಲ್ಲಿಲ್ಲ. q ಇದೆ. ಎಂಜಿನ್ ತಗ್ಗಿಸುವುದು ಅಲ್ಲಿಗೆ ಬರುತ್ತದೆ.

ಇದಕ್ಕೆ ಬೆಲೆ ಎಷ್ಟು? 25 ಸೆಕೆಂಡು ಎಂಜಿನ್ 70 ಶೇಕಡಾಕ್ಕೆ ಇಳಿಸಿದರು ಎನ್ನೋಣ. ಆ ಹೊತ್ತಿನಲ್ಲಿ ಉರಿದ ಇಂಧನ ಪೂರ್ತಿ ಬಲದ 17.5 ಸೆಕೆಂಡಿಗೆ ಸಮ. ಅಂದರೆ 7.5 ಸೆಕೆಂಡು ಹೆಚ್ಚು ಹೊತ್ತು ಗುರುತ್ವದ ವಿರುದ್ಧ ನಿಂತಂತಾಯಿತು. ರಾಕೆಟ್ ನೆಟ್ಟಗೆ ಏರುತ್ತಿದ್ದರೆ ಸೆಕೆಂಡಿಗೆ 73 ಮೀಟರ್‌ನಷ್ಟು ವೇಗ ನಷ್ಟ. ವಾಲಿದ್ದರೆ ಇನ್ನೂ ಕಡಿಮೆ, ಜೊತೆಗೆ ಗಾಳಿಯ ಎಳೆತ ತಗ್ಗಿದ ಉಳಿತಾಯವೂ ಸ್ವಲ್ಪ ಇದೆ. ಭೂಮಿಯ ಕೆಳಕಕ್ಷೆ ಮುಟ್ಟಲು ನಷ್ಟವೆಲ್ಲ ಸೇರಿ ಸೆಕೆಂಡಿಗೆ 9 ಕಿ.ಮೀ.ಗೂ ಮೀರಿ ಬೇಕು. ಅದರ ಮುಂದೆ ಇದು ಒಂದು ಶೇಕಡಾ ಕೂಡ ಆಗುವುದಿಲ್ಲ. ಇದನ್ನು ಉಳಿಸಲು ಹೋಗಿ ಇಡೀ ರಾಕೆಟ್‌ನ ಗೋಡೆ ದಪ್ಪ ಮಾಡಿದರೆ ಆ ತೂಕವನ್ನು ಪ್ರತಿ ಹಾರಾಟದಲ್ಲೂ ಹೊರಬೇಕು. ನನ್ನ ಮಟ್ಟಿಗೆ ತಗ್ಗಿಸುವುದೇ ಲಾಭದ ವ್ಯವಹಾರ.

ತಗ್ಗಿಸುವುದು ಯಾವಾಗ: ಶಟಲ್‌ನ ಸಮಯಪಟ್ಟಿ

ಅಮೆರಿಕದ ಸ್ಪೇಸ್ ಶಟಲ್ ನೆಲ ಬಿಡುವಾಗ ನೂಕುಬಲ ತೂಕದ ಸುಮಾರು ಒಂದೂವರೆ ಪಟ್ಟು. ಸ್ಯಾಟರ್ನ್ 5ಕ್ಕಿಂತ ಎಷ್ಟೋ ಚುರುಕು. ಮೇಲಾಗಿ ರೆಕ್ಕೆಗಳು, ಪಕ್ಕಕ್ಕೆ ಕಟ್ಟಿದ ದೊಡ್ಡ ಟ್ಯಾಂಕ್. ಒತ್ತಡಕ್ಕೆ ಕಡಿವಾಣ ಹಾಕದೆ ವಿಧಿಯೇ ಇರಲಿಲ್ಲ. ಅದರ ಮೂರು ಮುಖ್ಯ ಎಂಜಿನ್‌ಗಳನ್ನು ಹಾರಾಟದ ಮಧ್ಯೆ ತಗ್ಗಿಸಿ ಏರಿಸಬಹುದಿತ್ತು. ಗ್ರಾಫ್‌ನಲ್ಲಿ ಇದು ಗುಂಡಿ ಬಿದ್ದ ಹಾಗೆ ಕಾಣುತ್ತದೆ. ಅಲ್ಲಿನವರು ಇದನ್ನು "ಥ್ರಾಟಲ್ ಬಕೆಟ್" ಎನ್ನುತ್ತಿದ್ದರು.

ಸೆಕೆಂಡು ಸೆಕೆಂಡಿನ ವಿವರ ಎಲ್ಲರಿಗೂ ಸಿಗುವಂತೆ ಇರುವುದು 1986ರ ಜನವರಿ 28ರ ಚಾಲೆಂಜರ್ ಹಾರಾಟದ್ದು. ಏಳು ಜನ ಪ್ರಾಣ ಕಳೆದುಕೊಂಡ ಹಾರಾಟ ಅದು. ತನಿಖೆಗಾಗಿ ಪ್ರತಿ ಕ್ಷಣವನ್ನೂ ದಾಖಲಿಸಿದರು. ಎಂಜಿನ್‌ಗಳು ಸುಮಾರು 20ನೇ ಸೆಕೆಂಡಿಗೆ 94 ಶೇಕಡಾಕ್ಕೆ, 35ನೇ ಸೆಕೆಂಡಿಗೆ 65 ಶೇಕಡಾಕ್ಕೆ ಇಳಿದವು. 52ನೇ ಸೆಕೆಂಡಿಗೆ ಮತ್ತೆ 104ಕ್ಕೆ ಏರುವ ಆದೇಶ ಹೋಯಿತು. ಎಂಜಿನ್‌ಗೆ ಮೊದಲು ನಿಗದಿ ಮಾಡಿದ್ದ ಬಲವನ್ನು 100 ಎಂದು ಹಿಡಿದ ಲೆಕ್ಕ ಇದು. ಮ್ಯಾಕ್ಸ್ ಕ್ಯೂ ಬಂದದ್ದು 59ನೇ ಸೆಕೆಂಡಿಗೆ, ಚದರ ಅಡಿಗೆ 720 ಪೌಂಡ್, ಅಂದರೆ 34.5 ಕಿಲೋಪ್ಯಾಸ್ಕಲ್.

ಈ ಕ್ರಮ ಒಮ್ಮೆ ಮತ್ತೆ ಓದಿ. ಎಂಜಿನ್ ಪೂರ್ತಿ ಬಲಕ್ಕೆ ಮರಳಿದ ಮೇಲೆ ಗರಿಷ್ಠ ಒತ್ತಡ ಬಂದಿದೆ. ಮ್ಯಾಕ್ಸ್ ಕ್ಯೂ ಬಂದಾಗ ಎಂಜಿನ್ ತಗ್ಗಿಸುತ್ತಾರೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ, ಅಲ್ವಾ? ಆದರೆ ಒತ್ತಡ ನಿಂತಿರುವುದು ವೇಗದ ಮೇಲೆ. ವೇಗ ಅಂದರೆ ಹಿಂದಿನ ಸೆಕೆಂಡುಗಳಲ್ಲಿ ಸೇರುತ್ತಾ ಬಂದದ್ದು. ತುದಿಯಲ್ಲಿ ನಿಂತು ಎಂಜಿನ್ ತಗ್ಗಿಸಿದರೆ ಆಗಲೇ ಪಡೆದ ವೇಗ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ 20–25 ಸೆಕೆಂಡು ಮೊದಲೇ ಹಿಡಿತ ಶುರುವಾಗಬೇಕು. ತುದಿ ಹತ್ತಿರ ಬರುವಾಗ ಗಾಳಿ ತೆಳುವಾಗುವ ದರ ಜೋರಾಗಿರುತ್ತದೆ, ಆಗ ಬಲ ಹೆಚ್ಚಿಸಿದರೂ ನಡೆಯುತ್ತದೆ. ಎಷ್ಟು ಬೇಗ ಏರಿಸಬಹುದು ಎಂಬುದು ಆಯಾ ರಾಕೆಟ್‌ನ ಲೆಕ್ಕ.

ಶಟಲ್‌ನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಪಕ್ಕದ ಎರಡು ಘನ ಇಂಧನ ಬೂಸ್ಟರ್‌ಗಳು. ನೂಕುಬಲದ ಬಹುಪಾಲು ಅವುಗಳದ್ದೇ, ಆದರೆ ಅವಕ್ಕೆ ಥ್ರಾಟಲ್ ಇಲ್ಲ. ಅವುಗಳಲ್ಲಿ ಇಂಧನದ ನಡುವೆ ಬಿಡುವ ಟೊಳ್ಳಿನ ಆಕಾರದಲ್ಲೇ ಉಪಾಯ ಮಾಡಿದ್ದರು. ಮೇಲಿನ ಭಾಗದ ಟೊಳ್ಳು 11 ಮೂಲೆಯ ನಕ್ಷತ್ರದ ಹಾಗಿತ್ತು. ಉರಿಯುವ ಮೇಲ್ಮೈ ಮೊದಲು ಜಾಸ್ತಿ, ಆಮೇಲೆ ಮೂಲೆಗಳು ಕರಗಿದಾಗ ಕಡಿಮೆ. ಇದರಿಂದ 50ನೇ ಸೆಕೆಂಡಿನ ಹೊತ್ತಿಗೆ ಬೂಸ್ಟರ್ ಬಲ ತಾನಾಗಿ ಮೂರನೇ ಒಂದು ಪಾಲು ಇಳಿಯುತ್ತಿತ್ತು.

ಚಾಲೆಂಜರ್ ದುರಂತಕ್ಕೆ ಮ್ಯಾಕ್ಸ್ ಕ್ಯೂ ಕಾರಣ ಎಂದು ಕೆಲವರು ತಿಳಿದಿದ್ದಾರೆ. ಒತ್ತಡ ಮಿತಿಯೊಳಗೇ ಇತ್ತು. ಚಳಿಗೆ ಬಿರುಸಾದ ಸೀಲ್ ಬಲಬದಿ ಬೂಸ್ಟರ್‌ನ ಜೋಡಣೆಯಲ್ಲಿ ಬಿಸಿ ಅನಿಲವನ್ನು ತಡೆಯಲಿಲ್ಲ. ಸುಮಾರು 59ನೇ ಸೆಕೆಂಡಿಗೆ ಹೊರಗೆ ಜ್ವಾಲೆ ಕಂಡಿತು, 73ನೇ ಸೆಕೆಂಡಿಗೆ ವಾಹನ ಒಡೆಯಿತು.

ತಗ್ಗಿಸಿದ್ದನ್ನು ಪಟ್ಟಿಯಲ್ಲಿ ಹುಡುಕುವುದು

ನಿಮ್ಮ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ. ಪ್ರತಿ 5 ಸೆಕೆಂಡಿನ ವೇಗದ ವ್ಯತ್ಯಾಸವನ್ನು 18ರಿಂದ ಭಾಗಿಸಿ (ವೇಗ ಗಂಟೆಗೆ ಕಿ.ಮೀ.ನಲ್ಲಿದ್ದರೆ). ಸಿಗುವುದು ವೇಗೋತ್ಕರ್ಷ. ಎಂಜಿನ್ ಒಂದೇ ಬಲದಲ್ಲಿದ್ದರೆ ತೂಕ ಇಳಿದ ಹಾಗೆ ಈ ಅಂಕಿ ಮೆಲ್ಲಗೆ ಏರುತ್ತಿರಬೇಕು. ಮಧ್ಯೆ ಏರಿಕೆ ನಿಂತರೆ ಅಥವಾ ಇಳಿದರೆ ಅಲ್ಲಿ ಏನೋ ಆಗಿದೆ.

ಆದರೆ ಅವಸರ ಬೇಡ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಎಳೆತವೇ ಏಕಾಏಕಿ ಹೆಚ್ಚುತ್ತದೆ. ಅದೂ ಹೀಗೇ ಕಾಣುತ್ತದೆ. ಎರಡನ್ನೂ ಬೇರೆ ಮಾಡಲು ಅನುಮಾನದ ಜಾಗದಲ್ಲಿ ಪ್ರತಿ ಸೆಕೆಂಡಿನ ಅಂಕಿ ತೆಗೆಯಿರಿ. ಎಂಜಿನ್ ತಗ್ಗಿಸಿದ್ದರೆ ಇಳಿತ ಒಂದೆರಡು ಸೆಕೆಂಡಿನಲ್ಲಿ ಮೆಟ್ಟಿಲಿನಂತೆ ಆಗುತ್ತದೆ, ಆಮೇಲೆ ಅದೇ ರೀತಿ ಏರುತ್ತದೆ. ಎಳೆತದ ಪರಿಣಾಮ ಹತ್ತಾರು ಸೆಕೆಂಡು ಹರಡಿಕೊಂಡು ನುಣ್ಣಗೆ ಬಂದು ಹೋಗುತ್ತದೆ.

ಶ್ರೀಹರಿಕೋಟದ ಉಡಾವಣೆ ನೋಡುವಾಗ

ಎಲ್‌ವಿಎಂ3 ರಾಕೆಟ್‌ನಲ್ಲಿ ಈ ಮೆಟ್ಟಿಲು ಹುಡುಕಬೇಡಿ. ನೆಲ ಬಿಡುವಾಗ ಉರಿಯುವುದು ಎರಡು ಎಸ್200 ಘನ ಇಂಧನ ಬೂಸ್ಟರ್‌ಗಳು ಮಾತ್ರ. ದ್ರವ ಇಂಧನದ ಎಲ್110 ಹಂತ ಹೊತ್ತಿಕೊಳ್ಳುವುದು ಸುಮಾರು 110 ಸೆಕೆಂಡಿನ ಆಸುಪಾಸಿನಲ್ಲಿ, 40 ಕಿ.ಮೀ. ದಾಟಿದ ಮೇಲೆ. ಅಷ್ಟರಲ್ಲಿ ಮ್ಯಾಕ್ಸ್ ಕ್ಯೂ ಮುಗಿದು ಹೋಗಿರುತ್ತದೆ.

ವೇಗದ ಅಂಕಿ ಓದುವಾಗ ಒಂದು ಎಚ್ಚರ ಬೇಕು. ರಾಕೆಟ್ ಇನ್ನೂ ನೆಲದ ಮೇಲೆ ನಿಂತಿರುವಾಗಲೇ ತೆರೆಯಲ್ಲಿ ಸೆಕೆಂಡಿಗೆ 0.45 ಕಿ.ಮೀ. ಎಂದು ಕಂಡರೆ ಅದು ಭೂಮಿ ತಿರುಗುವ ವೇಗವನ್ನೂ ಸೇರಿಸಿದ ಲೆಕ್ಕ. ಅದನ್ನೇ ಸೂತ್ರಕ್ಕೆ ಹಾಕಿದರೆ ನಿಂತ ರಾಕೆಟ್ ಮೇಲೇ 120 ಕಿಲೋಪ್ಯಾಸ್ಕಲ್ ಒತ್ತಡ ಬರುತ್ತದೆ! ಸುಮ್ನೆ 0.45 ಕಳೆದರೂ ಸರಿಹೋಗುವುದಿಲ್ಲ, ಯಾಕೆಂದರೆ ರಾಕೆಟ್ ಮೊದಲು ಏರುವುದು ನೆಟ್ಟಗೆ, ಭೂಮಿಯ ವೇಗ ಇರುವುದು ಪೂರ್ವಕ್ಕೆ. ತೆರೆಯಲ್ಲಿ ಎತ್ತರದ ಜೊತೆ ರೇಂಜ್, ಅಂದರೆ ನೆಲದ ಮೇಲಿನ ದೂರವೂ ಇದ್ದರೆ ಅದನ್ನು ಹಿಡಿಯಿರಿ. 5 ಸೆಕೆಂಡಿನಲ್ಲಿ ಎತ್ತರ ಎಷ್ಟು ಬದಲಾಯಿತು, ರೇಂಜ್ ಎಷ್ಟು ಬದಲಾಯಿತು ಎಂದು ನೋಡಿ. ಎರಡನ್ನೂ ಮೀಟರ್‌ಗೆ ತಂದು, 5ರಿಂದ ಭಾಗಿಸಿ, ವರ್ಗ ಮಾಡಿ ಕೂಡಿಸಿ. ಆ ಮೊತ್ತವೇ v ವರ್ಗ. ನೇರವಾಗಿ ಸೂತ್ರಕ್ಕೆ ಹಾಕಬಹುದು.

ಹೀಗೆ ಸಿಕ್ಕ ಉತ್ತರದಲ್ಲಿ ಮೇಲಿನ ಗಾಳಿಯ ಲೆಕ್ಕ ಇರುವುದಿಲ್ಲ. ರಾಕೆಟ್ ಹೋಗುವ ದಿಕ್ಕಿಗೇ ಸೆಕೆಂಡಿಗೆ 50 ಮೀಟರ್ ಗಾಳಿ ಬೀಸುತ್ತಿದ್ದರೆ ನಿಜವಾದ ಒತ್ತಡ ನಿಮ್ಮ ಲೆಕ್ಕಕ್ಕಿಂತ 10–15 ಶೇಕಡಾ ಕಡಿಮೆ ಇರಬಹುದು, ಎದುರು ಬೀಸಿದರೆ ಅಷ್ಟೇ ಜಾಸ್ತಿ. ಸ್ಟ್ಯಾಂಡರ್ಡ್ ಅಟ್ಮಾಸ್ಫಿಯರ್ ಮಾದರಿಯೂ ಸಮಶೀತೋಷ್ಣ ಪ್ರದೇಶಗಳ ಸರಾಸರಿಗೆ ಹೊಂದಿದ್ದು. ನಮ್ಮ ಉಷ್ಣವಲಯದ ಗಾಳಿಗೆ ಕೆಲವು ಶೇಕಡಾ ವ್ಯತ್ಯಾಸ ಬರುತ್ತದೆ. ಉತ್ತರವನ್ನು 32.47 ಎಂದು ಬರೆಯುವ ಬದಲು "30ರ ಮೇಲೆ, 35ರ ಒಳಗೆ" ಎಂದು ಬರೆದುಕೊಳ್ಳಿ.